ಬಿಲ್ಲಿನಲ್ಲಿ ‘ಡೆಸ್ಕ್‌ಟಾಪ್ 8’ ಅಂತ ಅಷ್ಟೇ ಇದೆ, ಸೀರಿಯಲ್ ನಂಬರ್ ಕೇಳಬೇಕಾ?

ಸೊಸೈಟಿ ಗುಮಾಸ್ತೆ, ಬ್ರಹ್ಮಾವರ: ನಮ್ಮ ಸೊಸೈಟಿಗೆ ಎಂಟು ಕಂಪ್ಯೂಟರ್ ಬಂದಿವೆ. ಬಿಲ್ಲಿನಲ್ಲಿ ‘ಡೆಸ್ಕ್‌ಟಾಪ್ 8, ಮೂರು ವರ್ಷ ವಾರಂಟಿ’ ಅಂತ ಅಷ್ಟೇ ಬರೆದಿದ್ದಾರೆ. ಸಪ್ಲೈಯರ್ ಹತ್ತಿರ ಇನ್ನೇನು ಕೇಳಿ ಇಟ್ಟುಕೊಳ್ಳಬೇಕು?

ಅಂಗಡಿಯವರು, ಕುಂದಾಪುರ: ಬಿಲ್ ಇದ್ದರೆ ಸಾಕು ಮಾರಾಯ್ರೆ. ಸೀರಿಯಲ್ ನಂಬರ್ ಮಷಿನ್ ಹಿಂದೆ ಇದ್ದೇ ಇರುತ್ತದೆ.

ಕಾಲೇಜು ಲ್ಯಾಬ್ ನೋಡಿಕೊಳ್ಳುವವ, ಮಂಗಳೂರು: ಬಿಲ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ನಮ್ಮ ಬಿಲ್ಲಿನಲ್ಲೂ ಮೂರು ವರ್ಷ ಅಂತಲೇ ಇತ್ತು. ಹದಿನಾಲ್ಕನೇ ತಿಂಗಳಲ್ಲಿ ಒಂದರ ಪವರ್ ಸಪ್ಲೈ ಹೋಯಿತು. ಕಂಪನಿಗೆ ಫೋನ್ ಮಾಡಿದರೆ ‘ನಿಮ್ಮ ವಾರಂಟಿ ಒಂದೇ ವರ್ಷ, ಮುಗಿದಿದೆ’ ಅಂದರು.

ಆಗಿದ್ದು ಇಷ್ಟು. ಆ ಮಾಡೆಲ್ ಜೊತೆ ಕಂಪನಿ ಕೊಡುವುದು ಒಂದೇ ವರ್ಷ. ಉಳಿದ ಎರಡು ವರ್ಷಕ್ಕೆ ಬೇರೆ ಪ್ಯಾಕ್ ಕೊಂಡು, ಒಂದೊಂದು ಸೀರಿಯಲ್ ನಂಬರಿಗೂ ಸಪ್ಲೈಯರ್ ಸೇರಿಸಬೇಕಿತ್ತು. ಹನ್ನೆರಡರಲ್ಲಿ ಏಳಕ್ಕೆ ಸೇರಿಸಿ ಐದು ಬಿಟ್ಟಿದ್ದರು. ಕೆಟ್ಟದ್ದನ್ನು ಅವರ ಖರ್ಚಲ್ಲೇ ರಿಪೇರಿ ಮಾಡಿಸಿಕೊಟ್ಟರು. ಉಳಿದ ನಾಲ್ಕರ ಜಗಳ ಇನ್ನೂ ನಡೀತಾ ಇದೆ.

ಅದಕ್ಕೇ ಪೂರ್ತಿ ಹಣ ಕೊಡುವ ಮೊದಲು ಹೀಗೆ ಬರೆದು ಕಳಿಸಿ: ‘ಎಂಟೂ ಸಿಪಿಯು ಮತ್ತು ಮಾನಿಟರುಗಳ ಸೀರಿಯಲ್ ನಂಬರ್ ಬಿಲ್ಲಿಗೆ ಲಗತ್ತಿಸಿ, ಸೀಲ್ ಹಾಕಿ ಕೊಡಿ. ಪ್ರತಿಯೊಂದರ ವಾರಂಟಿ ಶುರುವಾದ ಮತ್ತು ಮುಗಿಯುವ ದಿನ, ಯಾರ ಹೆಸರಲ್ಲಿ ನೋಂದಣಿ ಆಗಿದೆ ಎಂಬುದನ್ನೂ ತಿಳಿಸಿ.’ ಸುಮ್ನೆ ಪಟ್ಟಿ ಬಂತು ಅಂತ ಫೈಲಿಗೆ ಹಾಕಬೇಡಿ. ಒಂದೊಂದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಮಗೆ ಆವತ್ತೇ ಅರ್ಧ ಗಂಟೆ ಕೂತು ನೋಡಿದ್ದರೆ ಐದೂ ಸಿಕ್ಕಿಬೀಳುತ್ತಿದ್ದವು.

ಶುರುವಾದ ದಿನ ಬಿಲ್ಲಿಗಿಂತ ಎರಡು ಮೂರು ತಿಂಗಳು ಹಿಂದೆ ಇದ್ದರೆ ಗಾಬರಿ ಬೇಡ. ಕಂಪನಿಯಿಂದ ಹೊರಟ ದಿನದಿಂದ ಲೆಕ್ಕ ಹಿಡಿದಿರುತ್ತಾರೆ. ಬಿಲ್ ಕಳಿಸಿದರೆ ಸಾಮಾನ್ಯವಾಗಿ ತಿದ್ದುತ್ತಾರೆ. ಆದರೆ ಆ ಬಿಲ್ ಇದೇ ಮಷಿನ್‌ನದ್ದು ಅಂತ ತೋರಿಸಲು ಅದರ ಮೇಲೆ ನಂಬರ್ ಬೇಕಲ್ವಾ?

ಪೆಟ್ಟಿಗೆ ಮೇಲಿನ ಸ್ಟಿಕ್ಕರ್ ನಂಬಬೇಡಿ, ಬಿಚ್ಚುವಾಗ ಅದಲು ಬದಲು ಆಗುತ್ತದೆ. ವಿಂಡೋಸ್‌ನ PowerShell ತೆರೆದು ಇದನ್ನು ಕೊಡಿ:

```
(Get-CimInstance Win32_BIOS).SerialNumber
```

ಮಲ್ಪೆಯಿಂದ: ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೂ ಹೀಗೇ ಆಯ್ತು. ವಾರಂಟಿ ಕಾರ್ಡಿಗೆ ಅಂಗಡಿಯವರು ಸೀಲೂ ಹಾಕಲಿಲ್ಲ, ತಾರೀಕೂ ಬರೆಯಲಿಲ್ಲ. ಕೊನೆಗೆ ತಯಾರಾದ ದಿನದಿಂದ ಲೆಕ್ಕ ಹಾಕಿದರು. ಐದು ತಿಂಗಳು ಹೋಯಿತು.

ಸೊಸೈಟಿ ಗುಮಾಸ್ತೆ: ಆರರಲ್ಲಿ ನಂಬರ್ ಸರಿ ಬಂತು. ಎರಡರಲ್ಲಿ `To Be Filled By O.E.M.` ಅಂತ ಬರುತ್ತಿದೆ.

ಕಾಲೇಜು ಲ್ಯಾಬ್: ಹಾಗಾದರೆ ಅವೆರಡು ಬಿಡಿಭಾಗ ಜೋಡಿಸಿದ್ದು ಇರಬಹುದು. ಮದರ್‌ಬೋರ್ಡ್ ಬದಲಿಸಿ ನಂಬರ್ ತುಂಬದೆ ಬಿಟ್ಟರೂ ಹೀಗೆ ಬರುತ್ತದೆ. ಎರಡರ ಫೋಟೋ ತೆಗೆದು ಸಪ್ಲೈಯರಿಗೆ ಇವತ್ತೇ ಕಳಿಸಿ. ಚೆಕ್ ಕೊಟ್ಟಾಯ್ತಾ?

ಸೊಸೈಟಿ ಗುಮಾಸ್ತೆ: ಅರ್ಧ ಹಣ ಕೊಟ್ಟಿದ್ದೇವೆ. ಇನ್ನೊಂದು ವಿಷಯ, ನೋಂದಣಿಗೆ ಸಪ್ಲೈಯರ್ ತಮ್ಮದೇ ಮೊಬೈಲ್ ನಂಬರ್ ಹಾಕಿದ್ದಾರೆ. ಒಟಿಪಿ ಅವರಿಗೇ ಹೋಗುತ್ತದೆ.

ಕುಂದಾಪುರ: ನಾವೂ ಹಾಗೇ ಮಾಡುತ್ತೇವೆ, ಗಿರಾಕಿಗೆ ರಗಳೆ ಬೇಡ ಅಂತ. ಬೇಕಾದರೆ ಬದಲಿಸಿ ಕೊಡುತ್ತೇವೆ.

ಕಾಲೇಜು ಲ್ಯಾಬ್: ನೀವು ಕೊಡುತ್ತೀರಿ. ನಮ್ಮವರು ಆಮೇಲೆ ಫೋನೇ ಎತ್ತಲಿಲ್ಲ.