ಟೈಮರ್ ಆಫ್, ಆ್ಯಪ್‌ನಲ್ಲೂ ಆಫ್, ಆದರೂ ಗೀಸರ್ ಕಾಯುತ್ತಲೇ ಇದೆ

ಬಚ್ಚಲು_ಮೇಕರ್:
ತಲೆ ಕೆಟ್ಟು ಹೋಗಿದೆ. ESP32 ಹಾಕಿ ಗೀಸರ್‌ಗೆ ಟೈಮರ್ ಮಾಡಿಕೊಂಡಿದ್ದೇನೆ. ಬೆಳಗ್ಗೆ 5:30ಕ್ಕೆ ಆನ್, 60 ಡಿಗ್ರಿ ಮುಟ್ಟಿದರೆ ಆಫ್, 6:30ಕ್ಕೆ ಏನೇ ಆಗಲಿ ಆಫ್. ಇಷ್ಟು ದಿನ ಚೆನ್ನಾಗಿಯೇ ನಡೆಯುತ್ತಿತ್ತು. ಇವತ್ತು 6:37ಕ್ಕೆ ಫೋನಿಗೆ 85 ಡಿಗ್ರಿ ಅಂತ ಅಲರ್ಟ್ ಬಂತು. ನೋಡಿದರೆ ಆ್ಯಪ್‌ನಲ್ಲಿ ಆಫ್, ರಿಲೇ ಬೋರ್ಡಿನ ಕೆಂಪು ಎಲ್‌ಇಡಿಯೂ ಆಫ್. ನಲ್ಲಿ ತಿರುಗಿಸಿದೆ, ಬುಸ್ ಅಂತ ಹಬೆ ಬಂತು. ಎಂಸಿಬಿ ಬೀಳಿಸಿ ನಿಲ್ಲಿಸಬೇಕಾಯಿತು. ಟ್ಯಾಂಕಿಗೆ 90 ಡಿಗ್ರಿಯ ಥರ್ಮಲ್ ಕಟ್‌ಔಟ್ ಕೂಡ ಹಾಕಿದ್ದೇನೆ, ಅದೂ ದಂಡ. ಕೋಡ್‌ನಲ್ಲಿ ಏನು ತಪ್ಪಿದೆ ನೋಡಿ:

```cpp
float t = sensors.getTempCByIndex(0);
if (timerOn && t < 60) digitalWrite(RELAY, HIGH);
else digitalWrite(RELAY, LOW);
```

ಸೆನ್ಸರ್_ಸೀನ:
85 ಅಂದ ತಕ್ಷಣ ಗೊತ್ತಾಯಿತು ಗುರು. DS18B20ಗೆ ಪವರ್ ಹೋಗಿ ಬಂದರೆ ಮೊದಲು ಕೊಡುವ ಸಂಖ್ಯೆಯೇ 85. ನಿಜವಾದ ತಾಪಮಾನ ಅಲ್ಲ ಅದು. ಡೇಟಾ ವೈರಿಗೆ 4.7 ಕಿಲೋ ಓಮ್ ಪುಲ್‌ಅಪ್ ಹಾಕಿದ್ದೀರಾ? ವೈರ್ ಎಷ್ಟು ಉದ್ದ?

ಬಚ್ಚಲು_ಮೇಕರ್:
ಪುಲ್‌ಅಪ್ ಇದೆ. ವೈರ್ ಎರಡು ಮೀಟರ್. ಆದರೆ ಹಬೆ ಬಂತು ಅಂತ ಹೇಳಿದೆನಲ್ಲ!

ಸೆನ್ಸರ್_ಸೀನ:
ಹಬೆ ಯಾಕೆ ಬಂತು ಅಂತ ಆಮೇಲೆ ನೋಡೋಣ. ಮೊದಲು 2.2 ಕಿಲೋ ಓಮ್ ಹಾಕಿ, ಶೀಲ್ಡ್ ಇರುವ ಕೇಬಲ್ ತನ್ನಿ. ಈ ರೋಗ ನಾನು ಬೇಕಾದಷ್ಟು ನೋಡಿದ್ದೇನೆ.

ಗುಂಡಿ_ಒತ್ತಿ:
ನನ್ನದೂ ಇದೇ ಸಮಸ್ಯೆ ಅನ್ನಿಸುತ್ತೆ. ನನ್ನದು ಇನ್‌ಸ್ಟಂಟ್ ಗೀಸರ್, 3 ಲೀಟರ್. ಲೈಟ್ ಉರಿಯುತ್ತೆ, ನೀರು ಮಾತ್ರ ಬಿಸಿಯಾಗಲ್ಲ. ಸೆನ್ಸರ್ ಬದಲಾಯಿಸಲಾ?

ಫೇಸ್_ನ್ಯೂಟ್ರಲ್:
ಗುಂಡಿ_ಒತ್ತಿ ಅವರೇ, ನಿಮ್ಮದು ಇದರ ಉಲ್ಟಾ ಕೇಸ್. ಬೇರೆ ಥ್ರೆಡ್ ತೆರೆಯಿರಿ.

ಬಚ್ಚಲು_ಮೇಕರ್, ಇಷ್ಟು ಹೇಳಿ. ಟ್ಯಾಂಕ್ ಎಷ್ಟು ಲೀಟರ್, ಎಲಿಮೆಂಟ್ ಎಷ್ಟು ವ್ಯಾಟ್? ರಿಲೇ ಯಾವುದು? ಗೀಸರ್ ಜೊತೆ ಬಂದ ಥರ್ಮೋಸ್ಟಾಟ್ ಈಗ ಎಲ್ಲಿದೆ? ಕಟ್‌ಔಟ್‌ನ ಎರಡು ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತವೆ? ಆಮೇಲೆ 6:20ರಿಂದ ಮುಂದಿನ ಲಾಗ್ ಹಾಕಿ.

ಬಚ್ಚಲು_ಮೇಕರ್:
15 ಲೀಟರ್, 2 ಕಿಲೋವ್ಯಾಟ್. ರಿಲೇ ಎಲ್ಲರ ಹತ್ತಿರ ಇರುವ ಅದೇ ನೀಲಿ ಡಬ್ಬಿ, 10 ಆಂಪ್ ಅಂತ ಬರೆದಿದೆ. ಹಳೇ ಥರ್ಮೋಸ್ಟಾಟ್ ತೆಗೆದು ನೇರ ಜೋಡಿಸಿದ್ದೇನೆ. ಎರಡೆರಡು ಇದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ, ಎಲ್ಲರೂ ಹಾಗೇ ಮಾಡೋದು ಅಲ್ವಾ? ಕಟ್‌ಔಟ್ ರಿಲೇ ಬೋರ್ಡಿಗೆ ಹೋಗುವ 5 ವೋಲ್ಟ್ ವೈರಿನಲ್ಲಿದೆ. ಬಿಸಿ ಜಾಸ್ತಿಯಾದರೆ ರಿಲೇಗೆ ಪವರ್ರೇ ಹೋಗುತ್ತೆ, ಸಾಫ್ಟ್‌ವೇರ್ ಏನು ಹೇಳಿದರೂ ನಡೆಯಲ್ಲ ಅನ್ನೋ ಲೆಕ್ಕ.

```
06:24  60.06  OFF
06:30  71.50  OFF
06:37  84.81  OFF
06:38  86.69  OFF
06:43  96.19  OFF
```

ಫೇಸ್_ನ್ಯೂಟ್ರಲ್:
ಲಾಗ್‌ನಲ್ಲೇ ಉತ್ತರ ಇದೆ. 15 ಲೀಟರ್ ನೀರಿಗೆ 2 ಕಿಲೋವ್ಯಾಟ್ ಕೊಟ್ಟರೆ ನಿಮಿಷಕ್ಕೆ ಸುಮಾರು 1.9 ಡಿಗ್ರಿ ಏರುತ್ತದೆ. 6:24ರಿಂದ 6:37, ಅಂದರೆ 13 ನಿಮಿಷ. ಏರಿದ್ದು 24.75 ಡಿಗ್ರಿ. ಭಾಗಿಸಿ ನೋಡಿ, ಅದೇ 1.9. ಕೋಡ್ ಆಫ್ ಎಂದ ಕ್ಷಣದಿಂದಲೂ ಎಲಿಮೆಂಟ್ ಪೂರ್ತಿ ಜೋರಿನಲ್ಲಿ ಓಡಿದೆ. ಸೆನ್ಸರ್ ಸರಿಯಾಗಿಯೇ ಓದಿದೆ, ಕೋಡ್ ಸರಿಯಾಗಿಯೇ ಆಫ್ ಹೇಳಿದೆ, ಕರೆಂಟ್ ಮಾತ್ರ ನಿಂತಿಲ್ಲ. ರಿಲೇ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಎಂಸಿಬಿ ಆಫ್ ಮಾಡಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಅಂತ ನೋಡಿ. ಆಮೇಲೆ ಬೋರ್ಡಿನಿಂದ ಎಲ್ಲ ವೈರು ಬಿಚ್ಚಿ, COM ಮತ್ತು NO ನಡುವೆ ಮಲ್ಟಿಮೀಟರ್ ಇಡಿ. ಪವರ್ ಇಲ್ಲದ ರಿಲೇ ಬೀಪ್ ಮಾಡಬಾರದು. ಅಳೆಯುವ ಮೊದಲು ರಿಲೇಗೆ ಬೆರಳಿನಿಂದ ಕುಟ್ಟಬೇಡಿ. ಎಷ್ಟೋ ಸಲ ಕುಟ್ಟಿದ ಕೂಡಲೇ ಬಿಟ್ಟುಕೊಳ್ಳುತ್ತದೆ, ಆಮೇಲೆ ಎಲ್ಲ ಸರಿ ಇದೆ ಅಂತ ಕಾಣುತ್ತದೆ.

ಸೆನ್ಸರ್_ಸೀನ:
ಒಪ್ಪಲ್ಲ. ಅಲರ್ಟ್ ಬಂದಿದ್ದು ಸರಿಯಾಗಿ 85ಕ್ಕೆ. ಇಷ್ಟು ಕಾಕತಾಳೀಯ ಇರುತ್ತಾ?

ಬಚ್ಚಲು_ಮೇಕರ್:
ಸೀನ ಅವರೇ, ಅಲರ್ಟ್ 85ಕ್ಕೆ ಅಂತ ಸೆಟ್ ಮಾಡಿದ್ದು ನಾನೇ.

ಮೇಡಂ, ಬೀಪ್ ಬಂತು. ಕುಟ್ಟದೇನೇ ಅಳೆದೆ. ಡಬ್ಬಿಯನ್ನು ಒಡೆದು ನೋಡಿದೆ. ಎರಡೂ ಕಾಂಟ್ಯಾಕ್ಟ್ ಕಪ್ಪಾಗಿವೆ, ಮಧ್ಯೆ ಸಾಸಿವೆಗಿಂತ ಚಿಕ್ಕ ಮಣಿಯ ಹಾಗೆ ಲೋಹ ಕರಗಿ ಕೂತಿದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಟಕ್ ಅಂತ ಬಿಟ್ಟಿತು. ಆದರೆ 2 ಕಿಲೋವ್ಯಾಟ್ ಅಂದರೆ 8.7 ಆಂಪ್ ತಾನೇ? 10 ಆಂಪ್ ರಿಲೇ ಯಾಕೆ ಸಾಯಬೇಕು?

ಫೇಸ್_ನ್ಯೂಟ್ರಲ್:
ನಿಮ್ಮ ಕೋಡ್‌ಗೆ ಆನ್‌ಗೂ 60, ಆಫ್‌ಗೂ 60. ನೀರು 60ರ ಹತ್ತಿರ ಬಂದಾಗ ಸೆನ್ಸರ್ 59.94, 60.06 ಅಂತ ಹೊಯ್ದಾಡುತ್ತದೆ. ಪ್ರತಿ ಸಲ ರಿಲೇ ಟಕಟಕ. ಪ್ರತಿ ಟಕ್‌ಗೂ 8.7 ಆಂಪಿನ ಕಿಡಿ. ಆ ಬೋರ್ಡಿನ ತಾಮ್ರದ ಗೆರೆ, ಸ್ಕ್ರೂ ಟರ್ಮಿನಲ್ ಕೂಡ ಈ ಕರೆಂಟನ್ನು ದಿನವೂ ಹೊರುವಷ್ಟು ಗಟ್ಟಿ ಇರುವುದಿಲ್ಲ. ರಿಲೇ ಬದಲು 25 ಆಂಪಿನ ಎರಡು ಪೋಲ್ ಕಾಂಟ್ಯಾಕ್ಟರ್ ಹಾಕಿ. ನೀಲಿ ಡಬ್ಬಿ ಅದರ ಕಾಯಿಲ್ ಮಾತ್ರ ಆಡಿಸಲಿ. ಕಾಯಿಲ್‌ಗೆ ಅಡ್ಡಲಾಗಿ ಸ್ನಬ್ಬರ್ ಇರಲಿ, ಇಲ್ಲದಿದ್ದರೆ ಆಫ್ ಆದಾಗಲೆಲ್ಲ ESP32 ರೀಸೆಟ್ ಆಗಬಹುದು.

ಆದರೆ ಕಾಂಟ್ಯಾಕ್ಟರ್ ಕೂಡ ಬೆಸೆದುಕೊಳ್ಳಬಹುದು. ಹಾಗಾಗಿ ನಿಮ್ಮ ಕಟ್‌ಔಟ್ ವಿಷಯವೇ ಇಲ್ಲಿ ಮುಖ್ಯ. ಅದು ಇವತ್ತು ತನ್ನ ಕೆಲಸ ಮಾಡಿರಬಹುದು, 90ಕ್ಕೆ 5 ವೋಲ್ಟ್ ಕತ್ತರಿಸಿರಬಹುದು. ಆದರೆ ಆಗಲೇ ಆಫ್ ಆಗಿದ್ದ ರಿಲೇಗೆ ಪವರ್ ತೆಗೆದರೆ ಏನು ಬಂತು? ಅಂಟಿಕೊಂಡಿದ್ದು ಕಾಂಟ್ಯಾಕ್ಟ್, ಕಾಯಿಲ್ ಅಲ್ಲ. ಕೋಡ್ ಕೆಟ್ಟರೂ ರಿಲೇ ಕೆಟ್ಟರೂ ಉಳಿಯಬೇಕು ಅಂದರೆ ಕಟ್‌ಔಟ್ ಎಲಿಮೆಂಟಿನ ಕರೆಂಟನ್ನೇ ಕತ್ತರಿಸಬೇಕು. ಎಂಸಿಬಿ, ಕಾಂಟ್ಯಾಕ್ಟರ್, ಗೀಸರ್‌ನ ಥರ್ಮೋಸ್ಟಾಟ್, ಕಟ್‌ಔಟ್, ಎಲಿಮೆಂಟ್, ಎಲ್ಲ ಒಂದೇ ಸಾಲಿನಲ್ಲಿ. ಯಾವುದೊಂದು ತೆರೆದರೂ ಎಲಿಮೆಂಟ್ ಸತ್ತಿರಬೇಕು.

ಛಾವಣಿ_ಸೋಲಾರ್:
ಕಾಂಟ್ಯಾಕ್ಟರ್ ಎಲ್ಲ ಹಳೇ ಕಾಲದ್ದು. ಎಸ್‌ಎಸ್‌ಆರ್ ಹಾಕಿ, ಸದ್ದಿಲ್ಲ, ಕಿಡಿಯಿಲ್ಲ. ನನ್ನಲ್ಲಿ 40 ಆಂಪಿನ ಎಸ್‌ಎಸ್‌ಆರ್, ದಪ್ಪ ಹೀಟ್‌ಸಿಂಕ್, ಸೋಲಾರ್‌ನಲ್ಲಿ ಮಿಕ್ಕಿದ ವ್ಯಾಟ್ ಎಷ್ಟೋ ಅಷ್ಟೇ ಗೀಸರ್‌ಗೆ. ಡ್ಯಾಶ್‌ಬೋರ್ಡ್‌ನಲ್ಲಿ ಟ್ಯಾಂಕಿನ ನಾಲ್ಕು ಎತ್ತರದ ತಾಪಮಾನ ಗ್ರಾಫ್ ಬರುತ್ತೆ. ಫೋಟೋ ಹಾಕಲಾ?

ಫೇಸ್_ನ್ಯೂಟ್ರಲ್:
ಎಸ್‌ಎಸ್‌ಆರ್ ಕೆಟ್ಟರೆ ಹೆಚ್ಚಿನ ಸಲ ಶಾರ್ಟ್ ಆಗಿಯೇ ಕೆಡುತ್ತದೆ. ಅಂದರೆ ಆನ್ ಆಗಿಯೇ ಉಳಿಯುತ್ತದೆ. ನಿಮ್ಮ ಕಟ್‌ಔಟ್ ಎಲ್ಲಿದೆ ಹೇಳಿ, ಗ್ರಾಫ್ ಆಮೇಲೆ ನೋಡೋಣ.

ಛಾವಣಿ_ಸೋಲಾರ್:
ನನ್ನ ಕೋಡ್‌ನಲ್ಲಿ ವಾಚ್‌ಡಾಗ್ ಇದೆ. ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಫೇಸ್_ನ್ಯೂಟ್ರಲ್:
ವಾಚ್‌ಡಾಗ್ ESP32 ಅನ್ನು ರೀಸ್ಟಾರ್ಟ್ ಮಾಡುತ್ತದೆ. ಶಾರ್ಟ್ ಆದ ಎಸ್‌ಎಸ್‌ಆರ್‌ಗೆ ಅದರಿಂದ ಏನೂ ಆಗುವುದಿಲ್ಲ.

ಸೆನ್ಸರ್_ಸೀನ:
ಸರಿ, ಈ ಸಲ ಸೆನ್ಸರ್ ಅಲ್ಲ. ಆದರೆ ಕೋಡ್ ಇನ್ನೊಮ್ಮೆ ಓದಿದೆ. ಸೆನ್ಸರ್ ವೈರ್ ಕಿತ್ತು ಬಂದರೆ ಆ ಲೈಬ್ರರಿ -127 ಕೊಡುತ್ತದೆ. -127 ಅಂದರೆ 60ಕ್ಕಿಂತ ಕಡಿಮೆ. ಟೈಮರ್ ಮುಗಿಯುವವರೆಗೂ ನಿಮ್ಮ ಗೀಸರ್ ಆನ್! ಒಂದು ಗಂಟೆಯಲ್ಲಿ 15 ಲೀಟರ್ ಕುದ್ದೇ ಕುದಿಯುತ್ತೆ. ಹೀಗೆ ಬರೆಯಿರಿ:

```cpp
bool ok = (t > 0 && t < 80);
if (!timerOn || !ok || t >= 60) digitalWrite(RELAY, LOW);
else if (t < 54) digitalWrite(RELAY, HIGH);
```

-127 ಬಂದರೂ ಆಫ್, ಸುಳ್ಳು 85 ಬಂದರೂ ಆಫ್. ನಡುವೆ 6 ಡಿಗ್ರಿ ಅಂತರ ಇದೆ, ಟಕಟಕವೂ ನಿಲ್ಲುತ್ತದೆ.

ಫೇಸ್_ನ್ಯೂಟ್ರಲ್:
ಇದು ಸರಿಯಾಗಿ ಹಿಡಿದಿರಿ. ಇವತ್ತಿನ ಕಾರಣ ಅಲ್ಲ, ನಾಳೆಯದು ಆಗುತ್ತಿತ್ತು.

ಬಚ್ಚಲು_ಮೇಕರ್:
ಕೋಡ್ ಹಾಕಿಕೊಂಡೆ. ಈಗ ಕಟ್‌ಔಟ್. ನನ್ನದು KSD301, ಬಟನ್ ಸೈಜಿನದು, 10 ಆಂಪ್. ಅದನ್ನೇ ಫೇಸ್ ವೈರಿನಲ್ಲಿ ಹಾಕಿದರೆ ಆಯಿತಾ?

ಫೇಸ್_ನ್ಯೂಟ್ರಲ್:
8.7 ಆಂಪಿಗೆ 10 ಆಂಪ್ ಅಂದರೆ ಮತ್ತೆ ಅದೇ ಕಥೆ. 16 ಆಂಪಿನದು ಬೇಕು. ಅದಕ್ಕಿಂತ ದೊಡ್ಡ ವಿಷಯ, ನಿಮ್ಮದು ತಣ್ಣಗಾದ ಮೇಲೆ ತಾನಾಗಿಯೇ ಕೂಡಿಕೊಳ್ಳುವ ಜಾತಿ ಇರಬೇಕು. ರಿಲೇ ಅಂಟಿಕೊಂಡಾಗ ಅದು 90ಕ್ಕೆ ತೆರೆದು, ತಣ್ಣಗಾಗಿ ಮುಚ್ಚಿ, ದಿನವಿಡೀ ತಾನೇ ಥರ್ಮೋಸ್ಟಾಟ್ ಆಗಿಬಿಡುತ್ತದೆ. ನೀರು ಸ್ವಲ್ಪ ಜಾಸ್ತಿ ಬಿಸಿ ಅಂತ ನೀವು ಸುಮ್ನೆ ಇರುತ್ತೀರಿ. ಒಂದು ದಿನ ಅದೂ ಅಂಟಿಕೊಳ್ಳುತ್ತದೆ. ಕೈಯಿಂದ ಗುಂಡಿ ಒತ್ತಿದರೆ ಮಾತ್ರ ಕೂಡುವಂಥದ್ದು ತನ್ನಿ. ಬೆಳಗ್ಗೆ ತಣ್ಣೀರು ಬಂದರೇನೇ ನಾವು ಮುಚ್ಚಳ ತೆಗೆದು ಏನಾಗಿದೆ ಅಂತ ನೋಡೋದು.

ಅಂತರ ಹೀಗಿರಲಿ: ಕೋಡ್ 60, ಗೀಸರ್‌ನ ಥರ್ಮೋಸ್ಟಾಟ್ 70, ಕಟ್‌ಔಟ್ 85ರಿಂದ 90. ಹತ್ತಿರ ಹತ್ತಿರ ಇಟ್ಟರೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ನೀವು ಸಿಟ್ಟಿಗೆದ್ದು ಬೈಪಾಸ್ ಮಾಡುತ್ತೀರಿ. ಒಂದಕ್ಕೊಂದು ಅಡ್ಡ ಬರಲ್ಲ. ಮಾಮೂಲಿ ದಿನದಲ್ಲಿ ಉಳಿದ ಎರಡೂ ತೆರೆಯುವುದೇ ಇಲ್ಲ.

ಛಾವಣಿ_ಸೋಲಾರ್:
ಫೇಸ್ ಮಾತ್ರ ಕತ್ತರಿಸಿದರೆ ಸಾಕು. ನ್ಯೂಟ್ರಲ್ ಯಾಕೆ, ಎರಡು ಪೋಲ್ ಅಂತ ಸುಮ್ನೆ ಖರ್ಚು.

ಫೇಸ್_ನ್ಯೂಟ್ರಲ್:
ಸಾಕೆಟ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ನೀವು ಕತ್ತರಿಸುವುದು ನ್ಯೂಟ್ರಲ್. ಆಗ ಎಲಿಮೆಂಟಿನ ಕವಚ ಸೀಳಿ ಒಳಗಿನ ತಂತಿ ನೀರಿಗೆ ತಾಗಿದ್ದರೆ, ಕರೆಂಟ್ ಅರ್ಥ್ ಮೂಲಕ ಹರಿದು ಎಲಿಮೆಂಟ್ ಕಾಯುತ್ತಲೇ ಇರಬಹುದು. ಆರ್‌ಸಿಸಿಬಿ ಇದ್ದರೆ ಟ್ರಿಪ್ ಮಾಡುತ್ತದೆ, ಇಲ್ಲದಿದ್ದರೆ ಇಲ್ಲ.

ಛಾವಣಿ_ಸೋಲಾರ್:
ಅದು ಲಕ್ಷಕ್ಕೊಂದು ಕೇಸ್.

ಬಚ್ಚಲು_ಮೇಕರ್:
ನೀವಿಬ್ಬರೂ ಆಮೇಲೆ ಜಗಳ ಆಡಿ. ಕಟ್‌ಔಟ್ ಎಲ್ಲಿ ಅಂಟಿಸಲಿ? ಟ್ಯಾಂಕ್ ಸುತ್ತ ಫೋಮ್ ಇದೆ. ಈಗ ಇರೋದು ಫೋಮ್ ಮೇಲೆ ಟೇಪ್ ಹಾಕಿ ಕೂರಿಸಿದ್ದು. ಬರಿ ಲೋಹ ಕಾಣೋದು ಕೆಳಗಡೆ, ಎಲಿಮೆಂಟ್ ಕೂತಿರುವ ತಟ್ಟೆಯ ಹತ್ತಿರ ಮಾತ್ರ.

ಫೇಸ್_ನ್ಯೂಟ್ರಲ್:
ಫೋಮ್ ಮೇಲಾ! ಹಾಗಾದರೆ ನೀರು ಕುದ್ದರೂ ಅದಕ್ಕೆ 50 ಡಿಗ್ರಿ ಕೂಡ ತಲುಪಿರಲಿಕ್ಕಿಲ್ಲ. 5 ವೋಲ್ಟ್ ಕತ್ತರಿಸಿರಬಹುದು ಅಂದೆನಲ್ಲ, ಅದೂ ಅನುಮಾನ. ಕೆಳಗಿನ ತಟ್ಟೆ ಪರವಾಗಿಲ್ಲ, ಆದರೆ ತಣ್ಣೀರು ಒಳಬರುವುದೂ ಕೆಳಗೇ. ಮೇಲೆ ಕುದಿಯುವಾಗ ಅಲ್ಲಿ ತಡವಾಗಿ ಗೊತ್ತಾಗಬಹುದು. ಎಲ್ಲಕ್ಕಿಂತ ಒಳ್ಳೆಯದು ನೀವು ತೆಗೆದಿಟ್ಟ ಹಳೇ ಥರ್ಮೋಸ್ಟಾಟ್. ಅದರಲ್ಲಿ ಸಣ್ಣ ಕೆಂಪು ಗುಂಡಿ ಇದೆಯಾ ನೋಡಿ. ಇದ್ದರೆ ಕಟ್‌ಔಟ್ ಅದರೊಳಗೇ ಇದೆ, ಅದರ ಕಡ್ಡಿ ನೀರಿನ ನಡುವಿನ ಕೊಳವೆಯೊಳಗೆ ಕೂರುತ್ತದೆ.

ಬಚ್ಚಲು_ಮೇಕರ್:
ಕೆಂಪು ಗುಂಡಿ ಇದೆ. ಆದರೆ ಕಡ್ಡಿ ಅಲ್ಲ, ತೆಳ್ಳಗಿನ ತಾಮ್ರದ ಕೊಳವೆ. ತೆಗೆಯುವಾಗ ಮಡಚಿದೆ. ನೇರ ಮಾಡಿ ಹಾಕಲಾ?

ಫೇಸ್_ನ್ಯೂಟ್ರಲ್:
ಬೇಡ. ಒಳಗಿನ ದ್ರವ ಸೋರಿದ್ದರೆ ಅದಕ್ಕೆ ಬಿಸಿಯೇ ಗೊತ್ತಾಗುವುದಿಲ್ಲ. ಕೆಲವು ಸೋರಿದಾಗ ತೆರೆದುಕೊಳ್ಳುವ ಹಾಗೆ ಮಾಡಿರುತ್ತಾರೆ, ಎಲ್ಲವೂ ಹಾಗಲ್ಲ. ಅದೇ ಅಳತೆಯ ಹೊಸದು ತನ್ನಿ. ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ. ಎಂಸಿಬಿ ಆಫ್ ಮಾಡಿ ಕಾಂಟ್ಯಾಕ್ಟರ್‌ನ ಎರಡೂ ಪೋಲ್ ದಾಟಿಸಿ ತಾತ್ಕಾಲಿಕವಾಗಿ ಒಂದೊಂದು ದಪ್ಪ ವೈರ್ ಹಾಕಿ, ಅಂದರೆ ಕಾಂಟ್ಯಾಕ್ಟ್ ಅಂಟಿದ ಹಾಗೆ. ಆಮೇಲೆ ಆನ್ ಮಾಡಿ ಎಂಸಿಬಿ ಪಕ್ಕದಲ್ಲೇ ನಿಂತು ನೋಡಿ. 70ರ ಆಸುಪಾಸಿನಲ್ಲಿ ತಾನಾಗಿ ನಿಲ್ಲಬೇಕು. ನಿಲ್ಲದೆ 80 ದಾಟಿದರೆ ಕೈಯಿಂದ ಆಫ್ ಮಾಡಿ. ಪರೀಕ್ಷೆ ಮುಗಿದ ಮೇಲೆ ವೈರ್ ತೆಗೆಯಲು ಮರೆಯಬೇಡಿ. ಪ್ರೆಷರ್ ವಾಲ್ವ್ ಇದೆ ತಾನೇ?

ಬಚ್ಚಲು_ಮೇಕರ್:
ಇದೆ, ಆದರೆ ಅದರ ಬಾಯಿಯಿಂದ ತೊಟ್ಟಿಕ್ಕುತ್ತಿತ್ತು ಅಂತ ಪ್ಲಗ್ ಹಾಕಿದ್ದೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಫೇಸ್_ನ್ಯೂಟ್ರಲ್:
ಮೊದಲು ಆ ಪ್ಲಗ್ ಬಿಚ್ಚಿ. ಬಿಚ್ಚುವವರೆಗೂ ಎಂಸಿಬಿ ಎತ್ತಬೇಡಿ. ಕಾಯುವಾಗ ನಾಲ್ಕು ಹನಿ ತೊಟ್ಟಿಕ್ಕುವುದು ಅದರ ಕೆಲಸವೇ. ಬಾಯಿಗೆ ಪೈಪ್ ಹಾಕಿ ನೆಲದ ಕಡೆ ಬಿಡಿ.

ಗುಂಡಿ_ಒತ್ತಿ:
ನನ್ನದರಲ್ಲೂ ಕೆಂಪು ಗುಂಡಿ ಇತ್ತು, ಒತ್ತಿದೆ, ಬಿಸಿನೀರು ಬಂತು! ಆದರೆ ಸಂಜೆ ಮತ್ತೆ ಹೋಯಿತು. ದಿನಾ ಒತ್ತಿದರೆ ಏನಾದರೂ ತೊಂದರೆ ಇದೆಯಾ?