ಪ್ರಶ್ನೋತ್ತರ: ಕುದುರೆ ಓಟ ಎರಡು ಸಲ ಯಾಕೆ?

ನೀರ್ಚಾಲು: ಮಾಸ್ಟ್ರೇ, ನಮಸ್ಕಾರ. ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ ಓದ್ತಾ 2ನೇ ಭಾಗದ 28ನೇ ಅಧ್ಯಾಯದಲ್ಲಿ ದಾರಿ ತಪ್ಪಿತು. 25ರಲ್ಲಿ ಅನ್ನಾಳ ಪ್ರಿಯಕರ ವ್ರಾನ್ಸ್ಕಿ ಬಿದ್ದಾಯ್ತು, ಕುದುರೆಯ ಕಥೆಯೂ ಮುಗಿದಾಯ್ತು. 28ರಲ್ಲಿ ನೋಡಿದರೆ ಮತ್ತೆ ಓಟ ಶುರು! ಇದು ಬೇರೆ ಓಟವಾ? ಅರ್ಧದ ನಂತರ ಯಾರ ಕಣ್ಣಿನಿಂದ ನೋಡ್ತಾ ಇದ್ದೇವೆ ಅಂತಲೂ ಗೊತ್ತಾಗುವುದಿಲ್ಲ. ಭಾನುವಾರದ ಓದುಕೂಟದಲ್ಲಿ ಈ ಅಧ್ಯಾಯದ ಸಾರಾಂಶ ನಾನೇ ಹೇಳ್ಬೇಕು.

ಮಾಸ್ಟ್ರು: ನಮಸ್ಕಾರ ಅಕ್ಕ. ಅದೇ ಓಟ. ಮೊದಲು ಜೀನಿನ ಮೇಲೆ ಕೂತು ನೋಡಿದಿರಿ, ಈಗ ಗ್ಯಾಲರಿಯಲ್ಲಿ ಕೂತು ನೋಡ್ತಾ ಇದ್ದೀರಿ. ನಿಮಗೆ ದಾರಿ ತಪ್ಪಿದ್ದು 28ರಲ್ಲಿ ಅಲ್ಲ, 26ರ ಆರಂಭದಲ್ಲಿ. ಅಲ್ಲಿ ಲೇಖಕ ಸದ್ದಿಲ್ಲದೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದಾನೆ. ಗಂಡ ಕರೆನಿನ್ ಹೆಂಡತಿಯ ಜೊತೆ ಈಚೆಗೆ ಹೇಗೆ ನಡೆದುಕೊಳ್ಳುತ್ತಿದ್ದ ಎಂದು ಮೊದಲು ಹೇಳುತ್ತಾನೆ. ಆಮೇಲೆ ಓಟದ ದಿನ ಕರೆನಿನನನ್ನು ಡಾಕ್ಟರು ಪರೀಕ್ಷೆ ಮಾಡುವುದಕ್ಕೆ ಬರುತ್ತಾನೆ. 27ರಲ್ಲಿ ಕರೆನಿನ್ ಬೇಸಿಗೆಮನೆಗೆ ಹೋಗಿ ಅನ್ನಾಳನ್ನು ಕಾಣುತ್ತಾನೆ. ಅದೇ ದಿನ ಅವನಿಗಿಂತ ಮೊದಲೇ ವ್ರಾನ್ಸ್ಕಿ ಆ ಮನೆಗೆ ಬಂದು ಹೋಗಿದ್ದ, ಅದು 22, 23ರಲ್ಲಿ ಉಂಟು. ಆದ್ದರಿಂದ 28 ತೆರೆಯುವಾಗ ವ್ರಾನ್ಸ್ಕಿ ಇನ್ನೂ ಬಿದ್ದಿಲ್ಲ.

ಇನ್ನು 28ರ ಒಳಗೆ ಬನ್ನಿ. ಆರಂಭದಲ್ಲಿ ನಾವು ಅನ್ನಾಳ ಒಳಗಿದ್ದೇವೆ. ಅವಳು ಗೆಳತಿ ಬೆಟ್ಸಿಯ ಪಕ್ಕ ಕೂತಾಗಿದೆ. ಗಂಡ ದೂರದಿಂದ ಬರುವುದು ಕಾಣುತ್ತದೆ. ದೊಡ್ಡವರಿಗೆ ಅವನು ಹ್ಯಾಟ್ ತೆಗೆದು ವಂದಿಸುವ ರೀತಿ, ಆ ಹ್ಯಾಟ್ ಒತ್ತಿದ ಕಿವಿಗಳು, ಯಾವುದೂ ಅವಳಿಗೆ ಹಿಡಿಸುವುದಿಲ್ಲ. ಅವನು ಹೆಂಗಸರ ಕಡೆ ಕಣ್ಣು ಹಾಯಿಸಿ ಅವಳನ್ನು ಹುಡುಕುತ್ತಾನೆ. ಕಂಡೂ ಕಾಣದ ಹಾಗೆ ಅವಳು ಕೂತಿರುತ್ತಾಳೆ. ಬೆಟ್ಸಿಯೇ ಕರೆದು ತೋರಿಸಬೇಕಾಗುತ್ತದೆ. ಆಮೇಲೆ ಅವನು ಓಟದ ಅಪಾಯದ ಬಗ್ಗೆ ದೊಡ್ಡ ಅಧಿಕಾರಿಯೊಬ್ಬರ ಹತ್ತಿರ ಮಾತಿಗೆ ಇಳಿಯುತ್ತಾನೆ. ಆ ತೆಳು ದನಿ ಅವಳ ಕಿವಿಗೆ ಬಿದ್ದಷ್ಟೂ ಎಲ್ಲ ಸುಳ್ಳು ಅಂತ ಅವಳಿಗೆ ಕಾಣುತ್ತದೆ.

ಇಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಹಾಕಿ. ಈಗ ಒಂದು ಹೋಲಿಕೆ ಬರುತ್ತದೆ: ಪೆಟ್ಟಾದ ಮಗು ನೋವು ಮರೆಯಲಿಕ್ಕೆ ಕುಣಿದಾಡುತ್ತದಲ್ಲ, ಹಾಗೆ ಈ ಮನುಷ್ಯ ಹೆಂಡತಿಯ ಯೋಚನೆ ಮರೆಯಲಿಕ್ಕೆ ಮಾತಾಡುತ್ತಿದ್ದಾನೆ ಎಂದು. ಇದು ಅನ್ನಾಳಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಲೇಖಕನೇ ಹೇಳುತ್ತಾನೆ. ಗಂಡನಿಗೂ ಹೀಗೆ ಬಿಡಿಸಿ ಹೇಳಲಿಕ್ಕೆ ಆಗುತ್ತಿರಲಿಲ್ಲ. ಹಾಗಾಗಿ ಈ ನಾಲ್ಕಾರು ಸಾಲು ಇಬ್ಬರದೂ ಅಲ್ಲ, ಕಥೆ ಹೇಳುವವನದು. ಅಲ್ಲಿಂದ ದಾಟಿದರೆ ಕಣ್ಣು ಕರೆನಿನನದು. ಓಟ ಶುರುವಾದಾಗ ಎಲ್ಲರೂ ಕುದುರೆ ನೋಡುತ್ತಿದ್ದರೆ ಇವನು ಜನರನ್ನು ನೋಡುತ್ತಾನೆ, ಕೊನೆಗೆ ನೋಟ ಹೆಂಡತಿಯ ಮೇಲೆ ನಿಲ್ಲುತ್ತದೆ. ಬೀಸಣಿಗೆಯನ್ನು ಬಿಗಿಯಾಗಿ ಹಿಡಿದ ಕೈ, ಬಿಳಿಚಿದ ಮುಖ. ಓದಬಾರದು ಅಂದುಕೊಂಡರೂ ಆ ಮುಖದಲ್ಲಿ ಇರುವುದನ್ನು ಓದಿಬಿಡುತ್ತಾನೆ.

ಎರಡೂ ಓಟ ಒಂದೇ ಅನ್ನುವುದಕ್ಕೆ ಗುರುತು ಇನ್ನೊಬ್ಬ ಸವಾರ ಕುಜೊವ್ಲೆವ್. 25ರಲ್ಲಿ ಅವನು ಹೊಳೆಯ ಹತ್ತಿರ ಬೀಳುತ್ತಾನೆ, ವ್ರಾನ್ಸ್ಕಿಯ ಕುದುರೆ ಫ್ರೂ-ಫ್ರೂ ಆ ಬಿದ್ದ ಕುದುರೆಯನ್ನು ತಪ್ಪಿಸಿ ಹಾರುತ್ತದೆ. 28ರಲ್ಲಿ ಅದೇ ಬೀಳುವಿಕೆಗೆ ಇಡೀ ಗ್ಯಾಲರಿ ಗಾಬರಿಯಾಗುತ್ತದೆ. ಅನ್ನಾಳ ಮುಖದಲ್ಲಿ ಮಾತ್ರ ಗೆದ್ದ ಕಳೆ. ಅವಳು ನೋಡುತ್ತಿದ್ದವನು ಬಿದ್ದಿಲ್ಲ! ಗಂಡನಿಗೆ ಅಷ್ಟು ಸಾಕು. ಆಮೇಲೆ ಇನ್ನೊಬ್ಬ ತಲೆಕೆಳಗಾಗಿ ಬಿದ್ದದ್ದು ಅವಳ ಗಮನಕ್ಕೇ ಬರುವುದಿಲ್ಲ. ಅದನ್ನೂ ಅವನು ನೋಡುತ್ತಾನೆ. ಒಮ್ಮೆ ಅವಳು ತಿರುಗಿ ಅವನನ್ನು ನೋಡಿ, ಹುಬ್ಬು ಗಂಟಿಕ್ಕಿ, ಮತ್ತೆ ಮುಖ ತಿರುಗಿಸುತ್ತಾಳೆ. 17 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸವಾರರು ಬಿದ್ದು ಪೆಟ್ಟು ಮಾಡಿಕೊಂಡರು ಎಂಬಲ್ಲಿಗೆ ಅಧ್ಯಾಯ ಮುಗಿಯುತ್ತದೆ. ವ್ರಾನ್ಸ್ಕಿ ಬೀಳುವುದು 28ರಲ್ಲಿ ಇಲ್ಲ, 29ರಲ್ಲಿ.

ಸಾರಾಂಶ ಹೇಳುವಾಗ ಮೂರು ತುಂಡು ಮಾಡಿ: ಅನ್ನಾಳ ಕಣ್ಣು, ಲೇಖಕನ ಆ ಹೋಲಿಕೆ, ಕರೆನಿನನ ಕಣ್ಣು. ಪ್ರತಿ ವಾಕ್ಯಕ್ಕೂ ‘ಇದು ಈ ಮನುಷ್ಯನಿಗೆ ಈಗ ಗೊತ್ತಿರಲಿಕ್ಕೆ ಸಾಧ್ಯವಾ?’ ಅಂತ ಕೇಳಿ. ಕುದುರೆಯ ಬೆನ್ನು ಮುರಿದದ್ದನ್ನು ಇಲ್ಲಿ ಸೇರಿಸಿದರೆ ಅಧ್ಯಾಯ ಕೆಟ್ಟಿತು. ಆ ಸುದ್ದಿ ಗ್ಯಾಲರಿಗೆ ಬರುವುದು 29ರಲ್ಲಿ, ಓಡಿಬಂದ ಒಬ್ಬ ಅಧಿಕಾರಿಯ ಬಾಯಿಂದ.

ಉಪ್ಪಳ: ಅಲೆಕ್ಸಿ ಅಂದ್ರೆ ಗಂಡನಾ ಪ್ರಿಯಕರನಾ?

ಮಾಸ್ಟ್ರು: ಇಬ್ಬರೂ ಅಲೆಕ್ಸಿ. ‘ಅಲೆಕ್ಸಿ ಅಲೆಕ್ಸಾಂಡ್ರೊವಿಚ್’ ಎಂದು ತಂದೆಯ ಹೆಸರು ಸೇರಿ ಬಂದರೆ ಗಂಡ. 29ರ ಕೊನೆಗೆ ಬೆಟ್ಸಿಯ ಚೀಟಿಯಲ್ಲಿ ಬರುವ ಬರೀ ‘ಅಲೆಕ್ಸಿ’ ವ್ರಾನ್ಸ್ಕಿ. ಇಬ್ಬರಿಗೂ ಒಂದೇ ಹೆಸರಿಟ್ಟದ್ದು ಕೈತಪ್ಪಿ ಅಲ್ಲ, 4ನೇ ಭಾಗದಲ್ಲಿ ಜ್ವರದಲ್ಲಿ ಅನ್ನಾಳೇ ಅದನ್ನು ಹೇಳುತ್ತಾಳೆ.

ಮಂಜೇಶ್ವರ: ಇಷ್ಟು ತಲೆಬಿಸಿ ಯಾಕೆ? ಇದು ನಮ್ಮ ಇನ್ನೊಂದು ಗುಂಪಿಗೆ ಬಂದದ್ದು, ಒಂದೇ ನಿಮಿಷದಲ್ಲಿ ಅರ್ಥ ಆಗ್ತದೆ: ‘ಓಟದಲ್ಲಿ ವ್ರಾನ್ಸ್ಕಿ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ. ಅನ್ನಾ ಅಳುತ್ತಾಳೆ. ಗಂಡ ಎಲ್ಲರೆದುರು ಅವಳನ್ನು ಬೈದು ಮನೆಗೆ ಎಳೆದುಕೊಂಡು ಹೋಗುತ್ತಾನೆ.’

ಮಾಸ್ಟ್ರು: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ವ್ರಾನ್ಸ್ಕಿಗೆ ಏನೂ ಆಗುವುದಿಲ್ಲ. ಪೆಟ್ಟಾಗಲಿಲ್ಲವಲ್ಲ ಎಂಬುದೇ ಅವನ ಸಂಕಟ. ಮುರಿದದ್ದು ಕುದುರೆಯ ಬೆನ್ನು, ಅದೂ ಕೊನೆಯ ಹೊಂಡ ದಾಟುವಾಗ ಅವನು ತಪ್ಪು ಗಳಿಗೆಯಲ್ಲಿ ಜೀನಿಗೆ ಕೂತದ್ದರಿಂದ. ಗಂಡ ಎಲ್ಲರೆದುರು ಬೈಯುವುದೂ ಇಲ್ಲ. ಅಳುವ ಹೆಂಡತಿಯನ್ನು ಜನ ನೋಡದ ಹಾಗೆ ಅಡ್ಡ ನಿಲ್ಲುತ್ತಾನೆ, ಮೂರನೇ ಸಲ ತೋಳು ಚಾಚುತ್ತಾನೆ. ಮರ್ಯಾದೆಗೆ ಹೆದರುವ ಮನುಷ್ಯ ಹಾಗೆಯೇ ಮಾಡುವುದು. ‘ಎಳೆದುಕೊಂಡು ಹೋದ’ ಅಂದರೆ ಅವನ ಪಾತ್ರವೇ ಬೇರೆ ಆಯಿತು. ಓದುಕೂಟದಲ್ಲಿ ಇದನ್ನು ಹೇಳಿದರೆ ಪುಸ್ತಕ ಓದಿಲ್ಲವೆಂದು ಗೊತ್ತಾಗಲಿಕ್ಕೆ ಒಂದು ನಿಮಿಷವೂ ಬೇಡ.

ಪೆರ್ಲ: ಮಾಸ್ಟ್ರೇ, ಒಂದು ತಕರಾರು. ಟಾಲ್‌ಸ್ಟಾಯ್ ಎಲ್ಲ ಬಲ್ಲವನ ಹಾಗೆ ಕಥೆ ಹೇಳುವವನು. ಯಾರ ತಲೆಗೆ ಬೇಕಾದರೂ ನುಗ್ಗುತ್ತಾನೆ. ಕಣ್ಣು ಬದಲಾಯಿತು, ಗೆರೆ ಹಾಕಿ ಎನ್ನುವುದೆಲ್ಲ ಈಗಿನವರು ಹುಟ್ಟಿಸಿದ್ದು.

ಮಾಸ್ಟ್ರು: ಅರ್ಧ ಸರಿ. ನುಗ್ಗಬಲ್ಲ, ಆದರೆ 28ರಲ್ಲಿ ಒಮ್ಮೆಯೂ ವ್ರಾನ್ಸ್ಕಿಯ ತಲೆಗೆ ನುಗ್ಗುವುದಿಲ್ಲ. 25ರಲ್ಲಿ ಹೆಣ್ಣುಕುದುರೆಯ ಮನಸ್ಸಿಗೂ ಇಣುಕಿದವನು ಇಲ್ಲಿ ಓಟದ ಕಣಕ್ಕೇ ಇಳಿಯಲಿಲ್ಲ. ಯಾಕೆ ಎಂದು ನೀವೇ ಹೇಳಿ.

ಮುಳ್ಳೇರಿಯ: ತಾಳಮದ್ದಳೆ ನೆನಪಿಸಿಕೊಂಡರೆ ಆಯ್ತು. ಕರ್ಣನ ಅರ್ಥ ಹೇಳುವವರು ಕರ್ಣನಿಗೆ ಗೊತ್ತಿದ್ದಷ್ಟೇ ಹೇಳ್ಬೇಕು, ಎಲ್ಲ ಗೊತ್ತಿರುವುದು ಭಾಗವತರಿಗೆ. ಆ ಮಗುವಿನ ಹೋಲಿಕೆ ಭಾಗವತರ ಪದ, ಉಳಿದದ್ದು ಅರ್ಥ.

ಪೆರ್ಲ: ತಾಳಮದ್ದಳೆಗೂ ರಷ್ಯಾಕ್ಕೂ ಎಂತ ಸಂಬಂಧ ಮಾರಾಯ್ರೆ? ನಿಮಗೆ ಎಲ್ಲದಕ್ಕೂ ಚೆಂಡೆ ಬೇಕು.

ಮುಳ್ಳೇರಿಯ: ನಿಮಗೆ ಅರ್ಥ ಆಗ್ಲಿಲ್ಲ ಅಂದ್ರೆ ಚೆಂಡೆಯದ್ದು ಎಂತ ತಪ್ಪು? ಮಾಸ್ಟ್ರು ಕೇಳಿದ್ದಕ್ಕೆ ಉತ್ತರ ಕೊಡಿ ಮೊದಲು.

ಪೆರ್ಲ: ಉತ್ತರ ಉಂಟು. ಕಣಕ್ಕೆ ಇಳಿದರೆ ಹಿಂದಿನದ್ದೇ ಪುನಃ ಬರೆದ ಹಾಗಾಗ್ತದೆ, ಅಷ್ಟೆ. ಅದಕ್ಕೆ ದೊಡ್ಡ ಸಿದ್ಧಾಂತ ಬೇಡ.

ಮಾಸ್ಟ್ರು: ಅದು ಒಂದು ಕಾರಣ. ಇನ್ನೊಂದು ಉಂಟು. ವ್ರಾನ್ಸ್ಕಿ ಬೀಳ್ತಾನೆ ಅಂತ ನಮಗೆ ಮೊದಲೇ ಗೊತ್ತು, ಗಂಡಹೆಂಡತಿಗೆ ಗೊತ್ತಿಲ್ಲ. ಹಾಗಾಗಿ ಓದುವವರಿಗೂ ಕುದುರೆಯ ಮೇಲೆ ಕಣ್ಣಿರುವುದಿಲ್ಲ, ಅವಳ ಮುಖದ ಮೇಲೆ ಇರುತ್ತದೆ. ಕರೆನಿನ್ ನೋಡುವುದೂ ಅದನ್ನೇ. 25 ಇಲ್ಲದೆ 28 ಓದಿದರೆ ಬರೀ ‘ಬೀಳ್ತಾನಾ ಇಲ್ವಾ’ ಅನ್ನುವ ಕುತೂಹಲ ಉಳಿಯುತ್ತಿತ್ತು.

ತಾಳಮದ್ದಳೆಯ ಮಾತು ಒಂದು ಮಟ್ಟಕ್ಕೆ ಹೊಂದುತ್ತದೆ. ಆದರೆ ಅರ್ಥಧಾರಿ ತನ್ನ ಮನಸ್ಸನ್ನು ಬಾಯಿಬಿಟ್ಟು ಹೇಳುತ್ತಾನೆ, ಕರೆನಿನ್ ಹೇಳುವುದಿಲ್ಲ.

ಕುಂಬಳೆ: ಮಲಯಾಳಂನಲ್ಲಿ ಓದಿ, ಕನ್ನಡದಲ್ಲಿ ಸರ್ವನಾಮಗಳೇ ಗೊಂದಲ. ಯಾರಾದರೂ ಪಿಡಿಎಫ್ ಹಾಕ್ತೀರಾ?

ಪೆರ್ಲ: ಕನ್ನಡದಲ್ಲಿ ಅವನು, ಅವಳು ಬೇರೆ ಬೇರೆ ಇದೆ. ಗೊಂದಲ ನಿಮ್ಮದು.

ಕುಂಬಳೆ: ಇಬ್ಬರು ಗಂಡಸರಿದ್ದರೆ ‘ಅವನು’ ಯಾರು ಅಂತ ಹೇಗೆ ಗೊತ್ತಾಗ್ತದೆ ಸ್ವಾಮಿ?

ಮಾಸ್ಟ್ರು: ಅದು ಯಾವ ಭಾಷೆಯಲ್ಲೂ ಉಂಟು. ‘ಅವನು’ ಎಲ್ಲಿ ಯಾರೆಂದು ಸಂಶಯವೋ ಅಲ್ಲಿ ಪುಟದ ಅಂಚಿನಲ್ಲಿ ಗಂಡನಿಗೆ ‘ಗ’, ಪ್ರಿಯಕರನಿಗೆ ‘ಪ್ರಿ’ ಎಂದು ಬರೆಯಿರಿ. ಒಂದೆರಡು ಪುಟ ಹಾಗೆ ಮಾಡಿದರೆ ಆಮೇಲೆ ಬೇಕಾಗುವುದಿಲ್ಲ.

ಉಪ್ಪಳ: ಹಾಗಾದ್ರೆ ವ್ರಾನ್ಸ್ಕಿಯ ಹೆಸರೂ ಅಲೆಕ್ಸಿಯಾ?

ಮಾಸ್ಟ್ರು: ಮೇಲೆ ಬರೆದಾಗಿದೆ.

ಮಂಜೇಶ್ವರ: ಇನ್ನೊಂದು ಬಂದಿದೆ: ‘ರಷ್ಯನ್ ಕಾದಂಬರಿ ಓದುವಾಗ ಗೊಂದಲವಾದರೆ ಎಲ್ಲಾ ಪಾತ್ರಗಳ ಪಟ್ಟಿ ಮಾಡಿ ಮೊದಲ ಪುಟದಿಂದ ಮತ್ತೆ ಓದಿ.’

ಮಾಸ್ಟ್ರು: ಬೇಡ. ನೀರ್ಚಾಲಿನ ಅಕ್ಕನಿಗೆ ಪಾತ್ರಗಳು ಗೊತ್ತು, ತಪ್ಪಿದ್ದು ಗಡಿಯಾರ. ಮೊದಲಿಂದ ಓದಿದರೂ 26ಕ್ಕೆ ಬಂದು ಅಲ್ಲಿಯೇ ನಿಲ್ಲುತ್ತಾರೆ. ಹಿಂದೆ ಹೋಗಬೇಕಾದ್ದು ನಾಲ್ಕೇ ಅಧ್ಯಾಯ: 25ರ ಹೊಳೆಯ ಹತ್ತಿರದ ಭಾಗ, 26ರ ಮೊದಲ ಪುಟ, 27, ಆಮೇಲೆ 28. ಸಿಕ್ಕಿದ್ದೆಲ್ಲ ಇಲ್ಲಿ ತಂದು ಸುರಿಯುವುದನ್ನು ನಿಲ್ಲಿಸಿದರೆ ಉಪಕಾರ.

ಮಂಜೇಶ್ವರ: ಒಳ್ಳೆಯದಕ್ಕೆ ಹಾಕಿದ್ದು. ಇನ್ನು ಹಾಕುವುದಿಲ್ಲ.

ನೀರ್ಚಾಲು: ಮಾಸ್ಟ್ರೇ, ಹೀಗೆ ಬರೆದೆ, ನೋಡಿ: ‘ಗ್ಯಾಲರಿಯಲ್ಲಿ ಕೂತ ಅನ್ನಾ ಗಂಡ ಬರುವುದನ್ನು ಅಸಹ್ಯದಿಂದ ನೋಡುತ್ತಾಳೆ, ಅವನ ಮಾತೆಲ್ಲ ಸುಳ್ಳೆನಿಸುತ್ತದೆ. ಆ ಮಾತು ಅವನ ನೋವಿನಿಂದ ಬಂದದ್ದು ಎಂದು ಅವಳಿಗೆ ಗೊತ್ತಿಲ್ಲ. ಓಟ ಶುರುವಾದ ಮೇಲೆ ಕರೆನಿನ್ ಕುದುರೆಗಳನ್ನು ಬಿಟ್ಟು ಅವಳ ಮುಖವನ್ನು ನೋಡುತ್ತಾನೆ. ಕುಜೊವ್ಲೆವ್ ಬಿದ್ದಾಗ ಅವಳ ಮುಖ ಗೆದ್ದಂತಿರುವುದನ್ನು ಕಂಡು ಅವಳು ವ್ರಾನ್ಸ್ಕಿಯ ಮಗುವಿಗೆ ಬಸುರಿ ಎಂದು ತಿಳಿಯುತ್ತಾನೆ.’

ಮಾಸ್ಟ್ರು: ಮೂರು ವಾಕ್ಯ ಸರಿ. ಕೊನೆಯದು ತಪ್ಪು. ಬಸುರಿನ ವಿಷಯ ಅವಳು 22ರಲ್ಲಿ ವ್ರಾನ್ಸ್ಕಿಗೆ ಹೇಳಿದ್ದು, ಹಾಗಾಗಿ ನಿಮಗೂ ಗೊತ್ತು. ಕರೆನಿನನಿಗೆ ಗೊತ್ತಿಲ್ಲ. 29ರಲ್ಲಿ ಗಾಡಿಯಲ್ಲಿ ಅವಳು ಒಪ್ಪಿಕೊಳ್ಳುವುದು ವ್ರಾನ್ಸ್ಕಿಯ ಮೇಲಿನ ಪ್ರೀತಿಯನ್ನು, ತಾನು ಅವನ ಪ್ರೇಯಸಿ ಎಂಬುದನ್ನು, ಬಸುರನ್ನಲ್ಲ. ‘ಅವಳ ಕಣ್ಣು ಯಾರ ಮೇಲೆ ಇತ್ತೋ ಅವನು ಬಿದ್ದಿಲ್ಲ ಎಂದು ತಿಳಿಯುತ್ತಾನೆ’ ಎಂದು ತಿದ್ದಿ.

ಪೆರ್ಲ: ಅವನಿಗೆ ಮೊದಲೇ ಸಂಶಯ ಇತ್ತಲ್ಲ, ಹಾಗಾದರೆ ಹೊಸದಾಗಿ ತಿಳಿದದ್ದು ಎಂತ?

ಮುಳ್ಳೇರಿಯ: ಶುರುವಾಯ್ತು ಪುನಃ.

ಪೆರ್ಲ: ನಾನು ಕೇಳಿದ್ದು ಮಾಸ್ಟ್ರನ್ನು, ಭಾಗವತರನ್ನಲ್ಲ.

ಕುಂಬಳೆ: ಪಿಡಿಎಫ್?

ನೀರ್ಚಾಲು: ತಿದ್ದಿದೆ ಮಾಸ್ಟ್ರೇ. 29 ಕೂಡ ಸೇರಿಸ್ಬೇಕಾ?