ಪದಚರ್ಚೆ: ಜಿಎಸ್‌ಟಿ ಪುಟದ ‘Cancelled suo-moto’ ಕನ್ನಡದಲ್ಲಿ ಹೇಗೆ?

ಸವಿತಾ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಹತ್ತಿರ ಬೆಲ್ಲ ಪ್ಯಾಕಿಂಗ್ ಮಾಡುವ ಘಟಕದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಪ್ಲಾಸ್ಟಿಕ್ ಕವರ್, ರಟ್ಟಿನ ಬಾಕ್ಸ್, ಟೇಪು ಎಲ್ಲ ಮೈಸೂರಿನಿಂದ ಬರುತ್ತೆ. ಹೊಸ ವ್ಯಾಪಾರಿಯಿಂದ ಮಾಲು ತರಿಸುವ ಮುಂಚೆ ಅವರ ಜಿಎಸ್‌ಟಿ ನಂಬರನ್ನು gst.gov.in ನಲ್ಲಿ Search Taxpayer ಅಂತ ಇರುವ ಕಡೆ ಹಾಕಿ ನೋಡುತ್ತೇವೆ. ಲಾಗಿನ್ ಬೇಕಾಗಿಲ್ಲ. ಹದಿನೈದು ಅಕ್ಷರದ ನಂಬರ್ ಹೊಡೆದು, ಕ್ಯಾಪ್ಚಾ ತುಂಬಿದರೆ ವ್ಯಾಪಾರಿಯ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಬರುತ್ತೆ.

ಈ ಕೆಲಸವನ್ನು ಇನ್ನು ಮುಂದೆ ಸ್ಟೋರಿನ ಹುಡುಗರಿಗೆ ವಹಿಸಬೇಕು. ಅವರಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತೆ, ಅರ್ಥ ಆಗಲ್ಲ. ಅದಕ್ಕೇ ಪರದೆ ಮೇಲೆ ಬರುವ ಒಂದೊಂದು ಮಾತಿಗೂ ಕನ್ನಡ ಬರೆದು ಗೋಡೆಗೆ ಅಂಟಿಸೋಣ ಅಂತ ಹೊರಟೆ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ: Legal Name, Suspended, Cancelled suo-moto.

ಕೊನೆಯದು ಈಗ ನಮ್ಮ ಎದುರಿಗೇ ಇದೆ. ಒಬ್ಬ ಕವರ್ ವ್ಯಾಪಾರಿಯ ಬಿಲ್ಲು, ತಾರೀಖು ಜೂನ್ 12. ಮಾಲು 40,000 ರೂಪಾಯಿ, ಶೇ 9 ಕೇಂದ್ರದ್ದು 3,600, ಶೇ 9 ರಾಜ್ಯದ್ದು 3,600, ಒಟ್ಟು 47,200. ಜೂನ್ 10ರಂದು ನೋಡಿದಾಗ ಪುಟದಲ್ಲಿ Active ಅಂತ ಇತ್ತು, ಪ್ರಿಂಟ್ ಇದೆ. ದುಡ್ಡು ಕೊಡುವ ಮುಂಚೆ ಆಗಸ್ಟ್‌ನಲ್ಲಿ ಮತ್ತೆ ನೋಡಿದರೆ Cancelled suo-moto, ರದ್ದಾದ ದಿನ ಏಪ್ರಿಲ್ 1. ನಾನು ಕರಡಿನಲ್ಲಿ ‘ಸ್ವಯಂಪ್ರೇರಿತ ರದ್ದು’ ಅಂತ ಬರೆದಿದ್ದೆ. ಅದನ್ನು ಓದಿದ ಹುಡುಗ, ‘ಪಾಪ, ಅವರೇ ಅಂಗಡಿ ಮುಚ್ಚಿಕೊಂಡಿದ್ದಾರೆ ಅಕ್ಕ’ ಅಂದ. ಇದಕ್ಕೆ ಸರಿಯಾದ ಪದ ಯಾವುದು?

ನಂಜುಂಡಯ್ಯ, ಮೈಸೂರು

ಸವಿತಾ ಅವರೇ, ನಿಮ್ಮ ಪದ ಸರಿಯಾಗಿಯೇ ಇದೆ. ‘ಸುವೋ ಮೋಟೊ’ ಲ್ಯಾಟಿನ್ ಮಾತು. ಬೇರೆಯವರು ಕೇಳದೆ ತಾನಾಗಿ ಮಾಡಿದ್ದು ಅಂತ ಅರ್ಥ. ‘ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಂಡಿತು’ ಅಂತ ಪತ್ರಿಕೆಗಳಲ್ಲಿ ದಿನಾ ಓದುತ್ತೇವಲ್ಲ, ಅದೇ ಇದು. ರೂಢಿಗೆ ಬಂದಿರುವ ಪದವನ್ನು ಬಿಡಬೇಡಿ. Legal Name ಅಂದರೆ ಕಾನೂನುಬದ್ಧ ಹೆಸರು. Suspended ಅಂದರೆ ಅಮಾನತು. ಹುಡುಗರಿಗೆ ಒಂದು ಸಲ ವಿವರಿಸಿ ಹೇಳಿದರೆ ಸಾಕು.

ಪುಟ್ಟಸ್ವಾಮಿ, ಮದ್ದೂರು

ಮೇಡಂ, ಗಾಬರಿ ಆಗಬೇಡಿ. ನನಗೂ ಇದೇ ಆಗಿತ್ತು. ನಮ್ಮದು ಹಾರ್ಡ್‌ವೇರ್ ಅಂಗಡಿ. ಅಮ್ಮನಿಗೆ ಹುಷಾರಿಲ್ಲದೆ ಆಸ್ಪತ್ರೆ ಅಲೆಯುತ್ತಿದ್ದಾಗ ತಿಂಗಳುಗಟ್ಟಲೆ ರಿಟರ್ನ್ ಹಾಕಲಿಲ್ಲ. ನೋಟಿಸು ಇಮೇಲಿಗೆ ಬಂದಿದೆ, ನೋಡಿದವರು ಯಾರು? ಒಂದು ದಿನ ಗಿರಾಕಿಯೊಬ್ಬರು ಫೋನ್ ಮಾಡಿ, ‘ನಿಮ್ಮ ನಂಬರ್ ಕ್ಯಾನ್ಸಲ್ ಅಂತ ತೋರಿಸ್ತಿದೆ’ ಅಂದರು. ರದ್ದತಿಯ ಆರ್ಡರ್ ಕೈ ಸೇರಿದ 90 ದಿನದೊಳಗೆ ಅದನ್ನು ತೆರವು ಮಾಡಿ ಅಂತ ಅರ್ಜಿ ಹಾಕಬೇಕು. ಅದಕ್ಕೂ ಮುಂಚೆ ಬಾಕಿ ರಿಟರ್ನ್ ಎಲ್ಲ ಹಾಕಿ, ತೆರಿಗೆ, ಬಡ್ಡಿ, ಲೇಟ್ ಫೀ ಕಟ್ಟಬೇಕು. ನಾನು ಹಾಗೇ ಮಾಡಿದೆ, ನಂಬರ್ ವಾಪಸ್ ಬಂತು. ನೀವೂ ಬೇಗ ಅರ್ಜಿ ಹಾಕಿ.

ಸವಿತಾ, ಮಂಡ್ಯ

ಪುಟ್ಟಸ್ವಾಮಿ ಅಣ್ಣ, ರದ್ದಾಗಿರುವುದು ನಮ್ಮ ನಂಬರ್ ಅಲ್ಲ, ನಮಗೆ ಮಾಲು ಕೊಟ್ಟವರದು. ಆದರೆ ನೀವು ಹೇಳಿದ್ದು ನನಗೆ ಬೇಕಾಗಿತ್ತು. ನಿಮ್ಮ ನೋಂದಣಿ ರದ್ದು ಮಾಡಿದ್ದು ಅಧಿಕಾರಿ, ನೀವಲ್ಲ. ಆದರೂ ನಿಮ್ಮ ಪುಟದಲ್ಲಿ ಇದ್ದದ್ದು suo-moto ಅಂತಲೇ, ಅಲ್ವಾ?

ಪುಟ್ಟಸ್ವಾಮಿ, ಮದ್ದೂರು

ಹೌದು, ಹಂಗೇ ಇತ್ತು. ಕ್ಷಮಿಸಿ, ನಿಮ್ಮದೇ ನಂಬರ್ ಅಂದುಕೊಂಡೆ.

ರಘು, ಮೈಸೂರು

ನಾನು ಮೈಸೂರಿನಲ್ಲಿ ಜಿಎಸ್‌ಟಿ ಪ್ರಾಕ್ಟೀಸ್ ಮಾಡುತ್ತೇನೆ. ನಂಜುಂಡಯ್ಯ ಮೇಷ್ಟ್ರು ಕೊಟ್ಟ ಅರ್ಥ ಸರಿ. ಆದರೆ ಆ ಪದವನ್ನು ಈ ಪುಟಕ್ಕೆ ತಂದರೆ ಅರ್ಥ ತಲೆಕೆಳಗಾಗುತ್ತೆ. ಪತ್ರಿಕೆಯ ವಾಕ್ಯದಲ್ಲಿ ‘ಹೈಕೋರ್ಟ್’ ಅಂತ ಕರ್ತೃ ಕಣ್ಣೆದುರಿಗಿರುತ್ತೆ. ತಾನಾಗಿ ಮಾಡಿದ್ದು ಯಾರು ಅನ್ನುವ ಪ್ರಶ್ನೆಯೇ ಹುಟ್ಟಲ್ಲ. ಜಿಎಸ್‌ಟಿ ಪುಟದಲ್ಲಿ ಅಧಿಕಾರಿಯ ಹೆಸರಿಲ್ಲ. ಇರುವುದು ವ್ಯಾಪಾರಿಯ ಹೆಸರು ಮಾತ್ರ. ಅದರ ಕೆಳಗೆ ‘ಸ್ವಯಂಪ್ರೇರಿತ’ ಅಂತ ಬರೆದರೆ ಯಾರಾದರೂ ವ್ಯಾಪಾರಿಗೇ ಅಂಟಿಸಿ ಓದುತ್ತಾರೆ. ಹುಡುಗ ಓದಿದ್ದು ಕನ್ನಡದ ಲೆಕ್ಕದಲ್ಲಿ ಸರಿಯಾಗಿಯೇ ಇದೆ.

ವ್ಯಾಪಾರಿ ತಾನೇ ಕೇಳಿ ರದ್ದು ಮಾಡಿಸಿಕೊಂಡರೆ ಅದಕ್ಕೆ ಬೇರೆಯದೇ ಮಾತು ಬರುತ್ತೆ: Cancelled on application of Taxpayer. ಈ ಎರಡನ್ನೂ ಓದುವವನು ಬೇರೆ ಬೇರೆ ಅಂತ ಗುರುತಿಸಲೇಬೇಕು. ಅರ್ಜಿ ಹಾಕಿ ರದ್ದು ಮಾಡಿಸಿಕೊಂಡವರು ಅಂಗಡಿ ಮುಚ್ಚಿರಬಹುದು, ಇಲ್ಲವೇ ಒಬ್ಬರದೇ ಅಂಗಡಿಯನ್ನು ಪಾಲುದಾರಿಕೆ ಮಾಡಿರಬಹುದು. ಪಾಲುದಾರಿಕೆ ಆದರೆ ಪ್ಯಾನ್ ಬದಲಾಗುತ್ತೆ, ಜಿಎಸ್‌ಟಿ ನಂಬರೂ ಹೊಸದಾಗುತ್ತೆ. ಆಗ ‘ಹೊಸ ನಂಬರ್ ಕೊಡಿ’ ಅಂತ ಕೇಳಿದರೆ ಆಯಿತು. ಅಧಿಕಾರಿ ರದ್ದು ಮಾಡಿದ್ದರೆ ರಿಟರ್ನ್ ಹಾಕಿಲ್ಲ, ಹೇಳಿದ ಜಾಗದಲ್ಲಿ ವ್ಯಾಪಾರವೇ ಇಲ್ಲ, ಮಾಲು ಕೊಡದೆ ಬರೀ ಬಿಲ್ಲು ಕೊಟ್ಟಿದ್ದಾರೆ, ಇಂಥ ಕಾರಣ ಇರುತ್ತೆ. ಆಗ ಹುಡುಗ ಆರ್ಡರ್ ನಿಲ್ಲಿಸಿ ನಿಮ್ಮ ಹತ್ತಿರ ಬರಬೇಕು. ನನ್ನ ಸಲಹೆ, ಗೋಡೆಯ ಹಾಳೆಯಲ್ಲಿ ಒಂದಕ್ಕೆ ‘ಅಧಿಕಾರಿ ರದ್ದು ಮಾಡಿದ್ದು’, ಇನ್ನೊಂದಕ್ಕೆ ‘ವ್ಯಾಪಾರಿ ಕೇಳಿ ರದ್ದು ಮಾಡಿಸಿದ್ದು’ ಅಂತ ಬರೆಯಿರಿ. ಉದ್ದ ಆಯಿತು ನಿಜ, ಆದರೆ ಯಾರು ಮಾಡಿದ್ದು ಅನ್ನುವುದು ತಪ್ಪಲ್ಲ.

Legal Name ಗೆ ‘ಕಾನೂನುಬದ್ಧ ಹೆಸರು’ ಬೇಡವೇ ಬೇಡ. ಅದರ ಕೆಳಗೇ Trade Name ಇರುತ್ತೆ. ಒಂದು ಕಾನೂನುಬದ್ಧ ಅಂದರೆ ಇನ್ನೊಂದು ಕಾನೂನುಬಾಹಿರ ಅಂತಾಗುತ್ತೆ, ಎರಡೂ ನೋಂದಣಿಯಲ್ಲೇ ಇರುವ ಹೆಸರು. Legal Name ಅಂದರೆ ಪ್ಯಾನ್ ಕಾರ್ಡಿನಲ್ಲಿರುವ ಹೆಸರು, ಅಷ್ಟೇ. ‘ಪ್ಯಾನ್ ಹೆಸರು’ ಅಂತಲೇ ಬರೆಯಿರಿ. ಬಿಲ್ಲಿನ ತಲೆಯ ಮೇಲೆ ಯಾವುದೋ ‘ಟ್ರೇಡರ್ಸ್’ ಅಂತಿರುತ್ತೆ, ಪುಟದಲ್ಲಿ ಯಾರೋ ಒಬ್ಬ ಮನುಷ್ಯನ ಹೆಸರು ಬರುತ್ತೆ. ಹೊಸಬರು ಇದನ್ನೇ ಮೋಸ ಅಂದುಕೊಂಡು ಬಿಲ್ಲು ವಾಪಸ್ ಕಳಿಸುತ್ತಾರೆ. ನಂಬರಿನ ಆರನೇ ಅಕ್ಷರ ನೋಡಲು ಹೇಳಿ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಇಡೀ ನಂಬರಿನ ಆರನೆಯದು, P ಆಗಿದ್ದರೆ ಒಬ್ಬ ವ್ಯಕ್ತಿಯ ಅಂಗಡಿ. ಅಲ್ಲಿ ಮನುಷ್ಯನ ಹೆಸರು ಬರುವುದೇ ಸರಿ. F ಅಂದರೆ ಪಾಲುದಾರಿಕೆ, C ಅಂದರೆ ಕಂಪನಿ. ಬಿಲ್ಲಿನಲ್ಲಿ ‘ಪ್ರೈವೇಟ್ ಲಿಮಿಟೆಡ್’ ಅಂತಿದ್ದು ನಂಬರಿನಲ್ಲಿ P ಇದ್ದರೆ ಮಾತ್ರ ಅನುಮಾನ ಪಡಬೇಕು.

ಇನ್ನು ನಿಮ್ಮ ಬಿಲ್ಲು. ಪುಟದ ಕೆಳಗೆ Show Filing Table ಅಂತ ಒಂದು ಬಟನ್ ಇದೆ. ಒತ್ತಿ ನೋಡಿ, ತೆರಿಗೆ ಲೆಕ್ಕ ಕೊಟ್ಟು ಕಟ್ಟುವ ರಿಟರ್ನ್ GSTR-3B ಕೊನೆಗೆ ಯಾವ ತಿಂಗಳದ್ದು ಹಾಕಿದ್ದಾರೆ?

ಸವಿತಾ, ಮಂಡ್ಯ

ಈಗ ನೋಡಿದೆ. ನವೆಂಬರ್‌ಗೆ ನಿಂತಿದೆ. ಆಮೇಲೆ ಒಂದೂ ಇಲ್ಲ.

ರಘು, ಮೈಸೂರು

ಹಾಗಾದರೆ ಜೂನ್ 10ರಂದು Active ಅಂತ ತೋರಿಸುತ್ತಿದ್ದಾಗಲೇ ಅವರು ತಿಂಗಳುಗಟ್ಟಲೆ ರಿಟರ್ನ್ ಹಾಕಿರಲಿಲ್ಲ. ಸತತ ಆರು ತಿಂಗಳು ಹಾಕದಿದ್ದರೆ ಅಧಿಕಾರಿ ರದ್ದು ಮಾಡಬಹುದು. ರದ್ದಾದ ದಿನವನ್ನು ಹಿಂದಿನ ತಾರೀಖಿಗೂ ಹಾಕಬಹುದು, ಕಾನೂನಿನಲ್ಲೇ ಅವಕಾಶ ಇದೆ. ಅದಕ್ಕೇ ಜೂನಿನಲ್ಲಿ ಜೀವಂತ ಕಂಡ ನಂಬರ್ ಆಗಸ್ಟ್‌ನಲ್ಲಿ ‘ಏಪ್ರಿಲ್‌ನಿಂದಲೇ ರದ್ದು’ ಅಂತ ಕಂಡಿದ್ದು. Active ಅನ್ನುವುದು ನೀವು ನೋಡಿದ ಆ ದಿನದ ಮಾತು. ಹುಡುಗರ ಹಾಳೆಯಲ್ಲಿ Active ಎದುರಿಗೆ ‘ಸರಿ ಇದೆ’ ಅಂತ ಬರೆಯಬೇಡಿ, ‘ಇವತ್ತು ಚಾಲ್ತಿ’ ಅಂತ ಬರೆಯಿರಿ. ಪ್ರಿಂಟ್ ತೆಗೆಯುವಾಗ ರಿಟರ್ನ್ ಪಟ್ಟಿಯೂ ಜೊತೆಗಿರಲಿ.

ಆ 7,200 ರೂಪಾಯಿ ನಿಮ್ಮ GSTR-2B ಯಲ್ಲಿ, ಅಂದರೆ ನಿಮಗೆ ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳ ಪಟ್ಟಿಯಲ್ಲಿ, ಬಂದಿರಲಿಕ್ಕಿಲ್ಲ. ಹಿಂದಿನ 3B ಬಾಕಿ ಇದ್ದರೆ ಅವರಿಗೆ ಮಾರಾಟದ ಬಿಲ್ಲು ತೋರಿಸುವ ರಿಟರ್ನ್ GSTR-1 ಹಾಕಲು ಆಗಲ್ಲ. ಅವರು ಹಾಕದೆ ಬಿಲ್ಲು ನಿಮ್ಮ ಕಡೆ ಕಾಣಲ್ಲ. ಕಾಣದೆ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ, ಅಂದರೆ ಆ 7,200 ಅನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋ ಹಾಗಿಲ್ಲ.

ಸವಿತಾ, ಮಂಡ್ಯ

ಹೌದು, 2B ಯಲ್ಲಿ ಇಲ್ಲ. ಮಾಲಂತೂ ಬಂದಿದೆ, ಬಳಸಿಯೂ ಆಗಿದೆ. ಮಾಲಿನ 40,000 ಕೊಟ್ಟು ತೆರಿಗೆಯ 7,200 ತಡೆಹಿಡಿಯೋಣ ಅಂತ ಯಜಮಾನರು ಹೇಳುತ್ತಿದ್ದಾರೆ. ವ್ಯಾಪಾರಿ ಫೋನಿನಲ್ಲಿ ಸಿಕ್ಕರು. ಪುಟ್ಟಸ್ವಾಮಿ ಅಣ್ಣ ಹೇಳಿದ ಹಾಗೆ ಅರ್ಜಿ ಹಾಕುತ್ತೇನೆ ಅನ್ನುತ್ತಾರೆ. ಅವರ ನಂಬರ್ ವಾಪಸ್ ಬಂದು, ರಿಟರ್ನ್ ಎಲ್ಲ ಹಾಕಿದರೆ ನಮಗೆ ಕ್ರೆಡಿಟ್ ಸಿಗುತ್ತಾ?

ರಘು, ಮೈಸೂರು

ರದ್ದತಿ ತೆರವಾಗಿ, ಜೂನ್ ತಿಂಗಳ ರಿಟರ್ನ್‌ನಲ್ಲಿ ನಿಮ್ಮ ಬಿಲ್ಲು ತೋರಿಸಿ, ತೆರಿಗೆ ಕಟ್ಟಿದರೆ ದಾರಿ ಇದೆ. ಅಲ್ಲಿವರೆಗೆ ತಡೆಹಿಡಿಯುವುದು ಒಳ್ಳೇದು, ಆದರೆ ಬಾಯಿಮಾತಿನಲ್ಲಿ ಬೇಡ, ಬರೆದು ತಿಳಿಸಿ. ತೆರವಾಗದೆ ಹೋದರೆ ಆ ಜೂನ್ 10ರ ಪ್ರಿಂಟ್ ನಿಮ್ಮನ್ನು ಎಷ್ಟರ ಮಟ್ಟಿಗೆ ಕಾಯುತ್ತೆ ಅನ್ನುವುದರ ಮೇಲೆ ಕೋರ್ಟುಗಳಲ್ಲಿ ಇನ್ನೂ ವಾದ ನಡೆಯುತ್ತಲೇ ಇದೆ.

ಪುಟ್ಟಸ್ವಾಮಿ, ಮದ್ದೂರು

ವಿಳಾಸದ ಬಗ್ಗೆ ಒಂದು ಮಾತು. ನಾನು ಅಂಗಡಿ ಬದಲಾಯಿಸಿ ಎಷ್ಟೋ ದಿನ ಪುಟದಲ್ಲಿ ಹಳೇ ವಿಳಾಸವೇ ಇತ್ತು. ವಿಳಾಸ ಬೇರೆ ಅಂದಾಕ್ಷಣ ಕಳ್ಳ ಅಂದುಕೊಳ್ಳಬೇಡಿ.

ರಘು, ಮೈಸೂರು

ಹೌದು, ಬಿಲ್ಲಿನ ಮೇಲಿರುವುದು ಗೋಡೌನ್ ವಿಳಾಸವೂ ಆಗಿರಬಹುದು. ಪುಟದ ಆ ಸಾಲು ಮುಖ್ಯ ಜಾಗದ್ದು ಮಾತ್ರ. ಆದರೆ ಗೋಡೌನನ್ನೂ ನೋಂದಣಿಯಲ್ಲಿ ಸೇರಿಸಿರಬೇಕು, ಅಂಗಡಿ ಬಾಗಿಲ ಬೋರ್ಡಿನ ಮೇಲೆ ಜಿಎಸ್‌ಟಿ ನಂಬರ್ ಬರೆಸಬೇಕು ಅಂತಲೂ ನಿಯಮ ಇದೆ. ವಿಳಾಸ ಹೊಂದದಿದ್ದರೆ ನೋಂದಣಿ ಪತ್ರದ ಪ್ರತಿ ಕೇಳಿ, ಅದರಲ್ಲಿ ಎಲ್ಲ ಜಾಗಗಳ ಪಟ್ಟಿ ಇರುತ್ತೆ.

ನಂಜುಂಡಯ್ಯ, ಮೈಸೂರು

‘ಅಧಿಕಾರಿ ರದ್ದು ಮಾಡಿದ್ದು’ ಅನ್ನುವುದನ್ನು ಒಪ್ಪಿದೆ. ಕರ್ತೃ ಇಲ್ಲದ ಕಡೆ ‘ಸ್ವಯಂ’ ನಿಲ್ಲುವುದಿಲ್ಲ. ‘ಪ್ಯಾನ್ ಹೆಸರು’ ಕಿವಿಗೆ ಒರಟು, ಆದರೆ ಅರ್ಥ ಕೊಡುತ್ತೆ. ಅದರ ಜೊತೆಗೆ ‘ವ್ಯಾಪಾರದ ಹೆಸರು’ ಅಂತ ಇರಲಿ. ‘ಅಮಾನತು’ ಮಾತ್ರ ನಾನು ಬಿಡಲಾರೆ. ಅದು ನಮ್ಮ ಕಚೇರಿಗಳಲ್ಲಿ ಬೇರೂರಿದ ಪದ.

ರಘು, ಮೈಸೂರು

ಮೇಷ್ಟ್ರೇ, ‘ಅಮಾನತು’ ಅಂದರೆ ಜನಕ್ಕೆ ಶಿಕ್ಷೆ ನೆನಪಾಗುತ್ತೆ. ಇಲ್ಲಿ ವ್ಯಾಪಾರಿ ತಾನೇ ರದ್ದತಿಗೆ ಅರ್ಜಿ ಹಾಕಿದರೂ, ಆರ್ಡರ್ ಆಗುವವರೆಗೆ Suspended ಅಂತ ಬರುತ್ತೆ. ತಪ್ಪು ಮಾಡಿದವರಿಗೂ ಅದೇ ಮಾತು, ಮಾಡದವರಿಗೂ ಅದೇ. ಇಬ್ಬರೂ ಅಷ್ಟು ದಿನ ತೆರಿಗೆ ಹಾಕಿ ಬಿಲ್ಲು ಕೊಡುವ ಹಾಗಿಲ್ಲ. ‘ಸದ್ಯಕ್ಕೆ ತಡೆ’ ಅಂದರೆ ಇಬ್ಬರಿಗೂ ಹೊಂದುತ್ತೆ.

ನಂಜುಂಡಯ್ಯ, ಮೈಸೂರು

‘ತಡೆ’ ಅಂದರೆ ಕೋರ್ಟಿನ ತಡೆಯಾಜ್ಞೆ ನೆನಪಾಗುವುದಿಲ್ಲವೇ? ಕೋರ್ಟಿನವರು ತಡೆದಿದ್ದಾರೆ ಅಂತ ಹುಡುಗ ಓದಿಕೊಂಡರೆ?

ಸವಿತಾ, ಮಂಡ್ಯ

ಸದ್ಯಕ್ಕೆ ಆ ಸಾಲಿನ ಎದುರು ‘ಈಗ ತೆರಿಗೆ ಬಿಲ್ಲು ಕೊಡುವ ಹಾಗಿಲ್ಲ, ಅಕ್ಕನನ್ನು ಕೇಳಿ’ ಅಂತ ಬರೆದಿದ್ದೇನೆ. ಪದ ಸಿಕ್ಕರೆ ತಿಳಿಸಿ, ಬದಲಾಯಿಸುತ್ತೇನೆ.